ಇನ್ವರ್ಟಿಂಗ್ ಆಂಪ್ಲಿಫೈಯರ್: ಸೂತ್ರ ಹಾಕಿದರೆ 36 ಗಿಗಾಓಮ್, ಅಳೆದರೆ 10 ಕಿಲೋಓಮ್. ಎಲ್ಲಿ ತಪ್ಪಿದೆ?

ಕೊನೇಬೆಂಚು

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಇಂಟರ್ನಲ್ಸ್ ಇದೆ. ನಾಲ್ಕು ಫೀಡ್‌ಬ್ಯಾಕ್ ಟೋಪಾಲಜಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೇನೆ. ಸೀರೀಸ್ ಆದರೆ ಇನ್‌ಪುಟ್ ಇಂಪೀಡೆನ್ಸ್ (1+Aβ) ಪಟ್ಟು ಏರುತ್ತದೆ, ಶಂಟ್ ಆದರೆ ಅಷ್ಟೇ ಪಟ್ಟು ಇಳಿಯುತ್ತದೆ, ಹೀಗೆ. ಪಟ್ಟಿ ಬರುತ್ತದೆ, ಸರ್ಕ್ಯೂಟ್ ಬರುತ್ತಿಲ್ಲ.

741 ಹಾಕಿ ಇನ್ವರ್ಟಿಂಗ್ ಆಂಪ್ಲಿಫೈಯರ್ ಕಟ್ಟಿದೆ. Rs = 10 kΩ, Rf = 100 kΩ. ಡೇಟಾಶೀಟಿನ ಮಾಮೂಲಿ ಅಂಕಿಗಳು: A = 200000, Rid = 2 MΩ, ro = 75 Ω. ಫೀಡ್‌ಬ್ಯಾಕ್ ಎರಡು ರೆಸಿಸ್ಟರ್‌ಗಳ ಡಿವೈಡರ್ ತಾನೇ ಅಂತ β = 1/11 ಹಿಡಿದೆ. ಆಗ A/(1+Aβ) ಸುಮಾರು 11 ಬಂತು. ಇನ್‌ಪುಟ್ ಇಂಪೀಡೆನ್ಸ್ 2 MΩ × 18183, ಅಂದರೆ 36 ಗಿಗಾಓಮ್. ಬೋರ್ಡಿನಲ್ಲಿ ನೋಡಿದರೆ ಗೇನ್ ಮೈನಸ್ 10. ಜನರೇಟರಿಗೆ ಸೀರೀಸಾಗಿ ಇನ್ನೊಂದು 10 kΩ ಹಾಕಿದೆ, ಔಟ್‌ಪುಟ್ ಸರಿಯಾಗಿ ಅರ್ಧಕ್ಕೆ ಬಂತು. ಅಂದರೆ ಇನ್‌ಪುಟ್ ಇಂಪೀಡೆನ್ಸ್ ಬರೀ 10 kΩ! ಸೂತ್ರ ತಪ್ಪಾ, ನಾನು ತಪ್ಪಾ?

ರೇಡಿಯೊ ರಾಯ

ನೀನು ತಪ್ಪು ತಮ್ಮಾ. ಇಷ್ಟೆಲ್ಲ ಲೆಕ್ಕ ಯಾಕೆ? ಮೈನಸ್ ಪಿನ್ನು ವರ್ಚುವಲ್ ಗ್ರೌಂಡ್. ಅಲ್ಲಿ ವೋಲ್ಟೇಜ್ ಸೊನ್ನೆ. Rs‌ನ ಆಚೆ ತುದಿ ನೆಲಕ್ಕೆ ಕೂತಂತೆ ಆಯಿತು, ಆದ್ದರಿಂದ ಇನ್‌ಪುಟ್ ಇಂಪೀಡೆನ್ಸ್ Rs. ಗೇನ್ −Rf/Rs. ಮುಗೀತು. ಆಪ್‌-ಆಂಪ್ ಬಂದ ಮೇಲೆ ಈ ಟೋಪಾಲಜಿ ಪುರಾಣ ಪರೀಕ್ಷೆಗೆ ಮಾತ್ರ. ನೆನಪಿಡಬೇಕಾದ್ದು ಒಂದೇ: ನೆಗೆಟಿವ್ ಫೀಡ್‌ಬ್ಯಾಕ್ ಹಾಕಿದರೆ ಔಟ್‌ಪುಟ್ ಇಂಪೀಡೆನ್ಸ್ ಇಳಿಯುತ್ತದೆ.

ಪೆಂಡಾಲ್ ಸೌಂಡ್ಸ್

ಮೈಕನ್ನು ಸ್ಪೀಕರಿನ ಹಿಂದಕ್ಕೆ ತಂದು, ಈಕ್ವಲೈಜರಿನಲ್ಲಿ 2–3 ಕಿಲೋಹರ್ಟ್ಸ್ ಸ್ವಲ್ಪ ಇಳಿಸಿ ನೋಡಿ. ನಮ್ಮ ಊರ ಜಾತ್ರೆಯಲ್ಲಿ ಫೀಡ್‌ಬ್ಯಾಕ್ ಹೀಗೇ ನಿಲ್ಲಿಸಿದ್ದು.

ಕೊನೇಬೆಂಚು

ಅಣ್ಣಾ, ಅದು ಕೂಗೋ ಫೀಡ್‌ಬ್ಯಾಕ್. ಇದು ಬೇರೆ 🙂

ಲ್ಯಾಬ್ ಮೇಡಂ

ಪೆಂಡಾಲ್ ಸೌಂಡ್ಸ್ ಅವರ ಫೀಡ್‌ಬ್ಯಾಕೂ ಈ ಕಥೆಯ ಸಂಬಂಧಿಕನೇ, ಕೊನೆಗೆ ಅಲ್ಲಿಗೂ ಬಂದೇವು. ಈಗ ಪ್ರಶ್ನೆಗೆ ಬರೋಣ.

ರಾಯರು ಹೇಳಿದ ಉತ್ತರ ಸರಿ, ಕೊನೆಯ ಸಾಲು ಸರಿಯಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾಲ್ಕು ಟೋಪಾಲಜಿ ಅಂತ ನಾಲ್ಕು ಡೆರಿವೇಷನ್ ಓದಬೇಡ. ಇನ್‌ಪುಟ್ ಕಡೆ ಎರಡು ಬಗೆ, ಔಟ್‌ಪುಟ್ ಕಡೆ ಎರಡು ಬಗೆ, ಅಷ್ಟೇ. ಒಂದು ಕಡೆಯದು ಇನ್ನೊಂದು ಕಡೆಯದನ್ನು ಕೇಳಿಕೊಂಡು ಬರುವುದಿಲ್ಲ.

ಗೇನ್ ನಾಲ್ಕಕ್ಕೂ ಒಂದೇ. ಸೋರ್ಸಿನಿಂದ ಬಂದದ್ದು xs, ಹಿಂದಕ್ಕೆ ಬಂದದ್ದು βxo, ಆಂಪ್ಲಿಫೈಯರ್ ನೋಡುವುದು ಇವೆರಡರ ವ್ಯತ್ಯಾಸವನ್ನು:

```
xo = A (xs − β xo)
xo / xs = A / (1 + Aβ)
```

ಇಲ್ಲಿ x ಅನ್ನುವುದು ವೋಲ್ಟೇಜಾ ಕರೆಂಟಾ ಅನ್ನುವುದರಲ್ಲೇ ಎಲ್ಲ ಇದೆ. ಇನ್‌ಪುಟ್‌ನಲ್ಲಿ ವೋಲ್ಟೇಜಿನಿಂದ ವೋಲ್ಟೇಜ್ ಕಳೆಯಬೇಕಾದರೆ ಎರಡೂ ಒಂದೇ ಸರಪಳಿಯಲ್ಲಿ ಇರಬೇಕು, ಅದು ಸೀರೀಸ್. ಕರೆಂಟಿನಿಂದ ಕರೆಂಟ್ ಕಳೆಯಬೇಕಾದರೆ ಎರಡೂ ಒಂದೇ ನೋಡಿಗೆ ಬಂದು ಸೇರಬೇಕು, ಅದು ಶಂಟ್. ನಿನ್ನ ಸರ್ಕ್ಯೂಟ್ ನೋಡು. Rs‌ನಿಂದ ಬರುವ ಕರೆಂಟೂ Rf‌ನಿಂದ ಬರುವ ಕರೆಂಟೂ ಮೈನಸ್ ಪಿನ್ನಿನ ಒಂದೇ ನೋಡಿನಲ್ಲಿ ಸೇರುತ್ತಿವೆ. ಇದು ಶಂಟ್. ನೀನು ಸೀರೀಸಿನ β ಹಾಕಿದೆ, ಅದಕ್ಕೇ 11 ಬಂತು. 11 ಅನ್ನುವುದು ಅದೇ ರೆಸಿಸ್ಟರ್‌ಗಳ ನಾನ್‌-ಇನ್ವರ್ಟಿಂಗ್ ಆಂಪ್ಲಿಫೈಯರಿನ ಗೇನ್.

ಈಗ ಇಂಪೀಡೆನ್ಸ್. ಇನ್‌ಪುಟ್ ಸೀರೀಸ್ ಆದರೆ ಟೆಸ್ಟ್ ವೋಲ್ಟೇಜ್ Vx ಕೊಡು. ಆಂಪ್ಲಿಫೈಯರಿನ ಎರಡು ತುದಿಗಳ ನಡುವೆ ಉಳಿಯುವುದು Ve ಮಾತ್ರ, ಒಳಗೆ ಹೋಗುವ ಕರೆಂಟ್ Ve/Ri. ಆದರೆ ನೀನು ಕೊಡಬೇಕಾದದ್ದು Ve + βA·Ve. ಒಂದೇ ಕರೆಂಟಿಗೆ ಜಾಸ್ತಿ ವೋಲ್ಟೇಜ್ ಬೇಕಾಯಿತು:

```
Vx / Ix = Ri (1 + Aβ)
```

ಶಂಟ್ ಆದರೆ ಟೆಸ್ಟ್ ಕರೆಂಟ್ Ix ಕೊಡು. ಆಂಪ್ಲಿಫೈಯರಿಗೆ ಹೋಗುವುದು Ie, ಮಿಕ್ಕ Aβ·Ie ಎಲ್ಲ ಫೀಡ್‌ಬ್ಯಾಕಿನ ದಾರಿಯಲ್ಲಿ ಹೋಗುತ್ತದೆ. ನೋಡಿನ ವೋಲ್ಟೇಜ್ Ri·Ie ಮಾತ್ರ:

```
Vx / Ix = Ri / (1 + Aβ)
```

ಔಟ್‌ಪುಟ್ ಕಡೆಯೂ ಇದೇ ಆಟ, ಸೋರ್ಸನ್ನು ಸೊನ್ನೆ ಮಾಡಿಕೊಂಡು. ವೋಲ್ಟೇಜ್ ಸ್ಯಾಂಪಲ್ ಮಾಡಿದ್ದರೆ, ಹೊರಗಿನಿಂದ Vx ಹಾಕಿದಾಗ ಆಂಪ್ಲಿಫೈಯರ್ ಒಳಗಡೆ −AβVx ಹುಟ್ಟಿಸಿ ಎದುರು ನಿಲ್ಲುತ್ತದೆ. Ro‌ದ ಮೇಲೆ (1+Aβ)Vx ಬೀಳುತ್ತದೆ, ಕರೆಂಟ್ ಜಾಸ್ತಿ, ಇಂಪೀಡೆನ್ಸ್ Ro/(1+Aβ). ಕರೆಂಟ್ ಸ್ಯಾಂಪಲ್ ಮಾಡಿದ್ದರೆ ಔಟ್‌ಪುಟ್ ಸರಪಳಿಯಲ್ಲಿ Ix ಹರಿಸು. ಆ ಕರೆಂಟು ಬದಲಾಗದಂತೆ ಆಂಪ್ಲಿಫೈಯರ್ ಹಟ ಹಿಡಿಯುತ್ತದೆ, Ro‌ದಲ್ಲಿ (1+Aβ)Ix ಹರಿಯುತ್ತದೆ, ಇಂಪೀಡೆನ್ಸ್ Ro(1+Aβ).

ಒಂದು ಮಾತು ಗಮನಿಸು. ಈ ಔಟ್‌ಪುಟ್ ಲೆಕ್ಕಗಳಲ್ಲಿ ಬಂದ A ಲೋಡ್ ಇಲ್ಲದ A. ವೋಲ್ಟೇಜ್ ಆದರೆ ಔಟ್‌ಪುಟ್ ತೆರೆದಿಟ್ಟಾಗಿನದು, ಕರೆಂಟ್ ಆದರೆ ಶಾರ್ಟ್ ಮಾಡಿದಾಗಿನದು. ಇನ್‌ಪುಟ್ ಲೆಕ್ಕದಲ್ಲಿ ಬರುವುದು ಲೋಡ್ ಸಮೇತ A. ಒಂದೇ ಅಕ್ಷರ, ಎರಡು ಬೆಲೆ. ಅರ್ಧ ಕ್ಲಾಸು ಇಲ್ಲೇ ಬೀಳುತ್ತದೆ.

ಕೊನೇಬೆಂಚು

ಮೇಡಂ, ಶಂಟ್ ಅನ್ನುವುದು ಗೊತ್ತಾಯಿತು. ಹಾಗಾದರೆ Ri/(1+Aβ) ಹಾಕಬೇಕು. 2 MΩ / 18183 ಅಂದರೆ 110 ಓಮ್. ಅದೂ 10 kΩ ಅಲ್ವಲ್ಲ?

ಲ್ಯಾಬ್ ಮೇಡಂ

β‌ವನ್ನು ಮತ್ತೆ ಹಳೆಯದನ್ನೇ ಹಾಕಿದೆ! ಶಂಟ್ ಅಂದ ಮೇಲೆ ಇನ್‌ಪುಟ್ ಕರೆಂಟ್, ಔಟ್‌ಪುಟ್ ವೋಲ್ಟೇಜ್. ಆಗ A‌ದ ಯೂನಿಟ್ ಓಮ್, β‌ದ ಯೂನಿಟ್ ಸೀಮೆನ್ಸ್. ಪ್ರತಿ ಸಲ ಯೂನಿಟ್ ಬರೆದುಕೋ, Aβ‌ಗೆ ಯೂನಿಟ್ ಉಳಿದರೆ ಎಲ್ಲೋ ಎಡವಿದ್ದೀಯ ಅಂತ ತಿಳಿ.

ಹೆಜ್ಜೆ ಹೆಜ್ಜೆಯಾಗಿ ಮಾಡೋಣ. ಸೋರ್ಸನ್ನು ನಾರ್ಟನ್ ರೂಪಕ್ಕೆ ತಿರುಗಿಸು: Is = Vs/Rs, ಅದರ ಪಕ್ಕದಲ್ಲಿ ನೆಲಕ್ಕೆ Rs. ಔಟ್‌ಪುಟ್ಟನ್ನು ಕೈಯಿಂದ ಹಿಡಿದು, ಇನ್‌ಪುಟ್ ನೋಡನ್ನು ನೆಲಕ್ಕೆ ಒತ್ತಿದರೆ Rf‌ನಿಂದ ಬರುವ ಕರೆಂಟ್ Vo/Rf. ಕಳೆಯುವ ದಿಕ್ಕಿನಲ್ಲಿ ಬರೆದರೆ β = −1/Rf.

ಇನ್ನು ಲೂಪ್ ಬಿಚ್ಚಿದ A. Rf‌ಅನ್ನು ಸುಮ್ನೆ ಕಿತ್ತು ಬಿಸಾಡಬಾರದು. ಅದು ಎರಡೂ ಕಡೆ ಭಾರ ಹಾಕುತ್ತದೆ. ವೋಲ್ಟೇಜ್ ಸ್ಯಾಂಪಲ್ ಆದ್ದರಿಂದ ಔಟ್‌ಪುಟ್ಟನ್ನು ಶಾರ್ಟ್ ಮಾಡಿ ನೋಡಿದರೆ ಇನ್‌ಪುಟ್ ನೋಡಿನಿಂದ ನೆಲಕ್ಕೆ Rf ಕಾಣುತ್ತದೆ. ಇನ್‌ಪುಟ್ ಶಂಟ್ ಆದ್ದರಿಂದ ಆ ನೋಡನ್ನು ಶಾರ್ಟ್ ಮಾಡಿ ನೋಡಿದರೆ ಔಟ್‌ಪುಟ್‌ನಿಂದ ನೆಲಕ್ಕೂ Rf ಕಾಣುತ್ತದೆ. ಎರಡೂ ಕಡೆ ಒಂದೊಂದು Rf ನೇತುಹಾಕು.

```
Ri = Rs || Rf || Rid = 10k || 100k || 2M = 9.05 kΩ
A  = −9.05k × 200000 × (100k / 100.075k) = −1.809×10^9 Ω
Aβ = 1.809×10^9 / 100k = 18086
```

ಈಗ ಮೂರೂ ಉತ್ತರ:

```
Vo/Is = −1.809×10^9 / 18087 = −99994 Ω
Vo/Vs = −99994 / 10k        = −9.9994
Rif   = 9.05k / 18087       = 0.50 Ω
Rof   = (75 || 100k)/18087  = 4.1 mΩ
```

ಆ ಅರ್ಧ ಓಮ್ ಮೈನಸ್ ಪಿನ್ನಿನ ನೋಡಿನದು. ಅದರೊಳಗೆ Rs ಕೂಡ ಪಕ್ಕದಲ್ಲಿ ಸೇರಿಕೊಂಡಿದೆ, ಅದನ್ನು ತೆಗೆದರೂ ಅರ್ಧ ಓಮೇ. ನಿನ್ನ ಜನರೇಟರ್ ಈ ನೋಡಿಗೆ ನೇರ ಸೇರಿಲ್ಲ, Rs‌ನ ಆಚೆ ನಿಂತಿದೆ. ಅದಕ್ಕೆ ಕಾಣುವುದು 10 kΩ + 0.5 Ω. ರಾಯರು ಸೊನ್ನೆ ಅಂದದ್ದು ಈ ಅರ್ಧ ಓಮನ್ನೇ.

ನಿನ್ನ ಅಳತೆಯೂ ಸರಿ. ಆದರೆ ಅರ್ಧ ಆದದ್ದು ಯಾಕೆ ಅಂತ ಯೋಚಿಸು. ಸೀರೀಸಿಗೆ 10 kΩ ಹಾಕಿದಾಗ Rs 20 kΩ ಆಯಿತು, ಗೇನ್ ಮೈನಸ್ 5 ಆಯಿತು.

ರೇಡಿಯೊ ರಾಯ

ಚೆನ್ನಾಗಿದೆ ಮೇಡಂ. ಆದರೆ ನಾನು ಹೇಳಿದ್ದರಲ್ಲಿ ತಪ್ಪೇನು? ಇಲ್ಲೂ ಔಟ್‌ಪುಟ್ 75 ಓಮ್‌ನಿಂದ 4 ಮಿಲಿಓಮ್‌ಗೆ ಇಳಿದಿದೆ. ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಹಡ್ಸನ್ ನದಿ ದಾಟುವ ಫೆರಿಯಲ್ಲಿ ಕೂತು ನ್ಯೂಯಾರ್ಕ್ ಟೈಮ್ಸ್ ಹಾಳೆಯ ಮೇಲೆ ಬರೆದಾಗಿನಿಂದ ನಡೆದು ಬಂದದ್ದು ಇದೇ ಅಲ್ವಾ?

ಲ್ಯಾಬ್ ಮೇಡಂ

ಬ್ಲ್ಯಾಕ್‌ಗೆ ಬೇಕಾಗಿದ್ದದ್ದು ಟೆಲಿಫೋನ್ ರಿಪೀಟರಿನ ಡಿಸ್ಟಾರ್ಷನ್ ಇಳಿಸುವುದು. ಇಂಪೀಡೆನ್ಸ್ ಯಾವ ಕಡೆ ಹೋಗುತ್ತದೆ ಅನ್ನುವುದು ಎಲ್ಲಿಂದ ಸ್ಯಾಂಪಲ್ ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ನೀವು ರೇಡಿಯೊ ಕಟ್ಟುವವರು, ಎಮಿಟರಿನಲ್ಲಿ ಬೈಪಾಸ್ ಇಲ್ಲದ ರೆಸಿಸ್ಟರ್ ಬಿಟ್ಟಿರುತ್ತೀರಿ. ಅದನ್ನೇ ತಗೊಳ್ಳಿ. 1 mA ಕರೆಂಟ್, ಟ್ರಾನ್ಸಿಸ್ಟರಿನ hfe 100, rπ = 2.6 kΩ, RE = 1 kΩ. ಔಟ್‌ಪುಟ್ಟನ್ನು ಕಲೆಕ್ಟರಿನಿಂದ ತೆಗೆದರೆ ಇದು ಕರೆಂಟ್ ಸ್ಯಾಂಪಲ್, ಸೀರೀಸ್ ಮಿಕ್ಸಿಂಗ್. ಅದೇ ಸರ್ಕ್ಯೂಟಿನ ಔಟ್‌ಪುಟ್ಟನ್ನು ಎಮಿಟರಿನಿಂದ ತೆಗೆದರೆ ವೋಲ್ಟೇಜ್ ಸ್ಯಾಂಪಲ್. ರೆಸಿಸ್ಟರ್ ಅದೇ, ಟ್ರಾನ್ಸಿಸ್ಟರ್ ಅದೇ. ಎಮಿಟರಿನಲ್ಲಿ ಇಂಪೀಡೆನ್ಸ್ ಕೆಲವು ಹತ್ತು ಓಮ್, ಕಲೆಕ್ಟರಿನೊಳಗೆ ನೋಡಿದರೆ ro‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಇಳಿಯಲೇಬೇಕು ಅನ್ನುವ ನಿಮ್ಮ ನಿಯಮ ಕಲೆಕ್ಟರಿನಲ್ಲಿ ಮುರಿಯಿತು.

ಲೋಡಿಂಗ್ ಮರೆತರೆ ಏನಾಗುತ್ತದೆ ಅನ್ನುವುದನ್ನೂ ಇದರಲ್ಲೇ ತೋರಿಸಬಹುದು. RE ಇನ್‌ಪುಟ್ ಸರಪಳಿಯಲ್ಲೂ ಇದೆ. ಸರಿಯಾದ ಲೆಕ್ಕ:

```
Ri = rπ + RE = 3.6 kΩ
A  = 100 / 3.6k = 27.8 mA/V,   β = RE = 1 kΩ
Rif = 3.6k × (1 + 27.8) = 103.6 kΩ
```

ನೇರವಾಗಿ rπ + 101·RE ಮಾಡಿದರೂ 103.6 kΩ. ಲೋಡಿಂಗ್ ಮರೆತು rπ(1 + gm·RE) ಹಾಕಿದವರಿಗೆ 102.6 kΩ ಬರುತ್ತದೆ. ವ್ಯತ್ಯಾಸ ಎಷ್ಟು? ಸರಿಯಾಗಿ 1 kΩ, ಮರೆತ ಆ ರೆಸಿಸ್ಟರೇ.

ಕರೆಂಟ್-ಶಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡನೇ ಟ್ರಾನ್ಸಿಸ್ಟರಿನ ಎಮಿಟರಿನಿಂದ ಮೊದಲನೆಯದರ ಬೇಸಿಗೆ ರೆಸಿಸ್ಟರ್ ತಂದರೆ ಅದೇ. ಇನ್‌ಪುಟ್ ಇಳಿಯುತ್ತದೆ, ಔಟ್‌ಪುಟ್ ಏರುತ್ತದೆ, ಡೆರಿವೇಷನ್ ಮೇಲಿನ ಅರ್ಧ ಅರ್ಧ ತುಂಡು ಸೇರಿಸಿದರೆ ಸಿಕ್ಕಿತು.

ರೇಡಿಯೊ ರಾಯ

ಎಮಿಟರ್ ಉದಾಹರಣೆ ಒಪ್ಪಿದೆ. ಮಾತು ವಾಪಸ್. ಆದರೆ ಆಪ್‌-ಆಂಪ್ ಹಾಕಿದರೆ ಇಳಿಯುತ್ತದೆ ಅಂತಿಟ್ಟುಕೊಳ್ಳೋಣ, ಅಷ್ಟಾದರೂ ಬಿಡಿ!

ಮೀಟರ್ ಮಂಜ

ಅದನ್ನೂ ಬಿಡೋಕೆ ಆಗಲ್ಲ ರಾಯರೇ 🙂 ನನ್ನದು ಆಪ್‌-ಆಂಪ್ ಕರೆಂಟ್ ಸೋರ್ಸ್. ಆಪ್‌-ಆಂಪ್ ಔಟ್‌ಪುಟ್ BC547 ಬೇಸಿಗೆ, ಎಮಿಟರಿನಲ್ಲಿ ಸೆನ್ಸ್ ರೆಸಿಸ್ಟರ್, ಎಮಿಟರಿನಿಂದ ಮೈನಸ್ ಪಿನ್ನಿಗೆ. ಕಲೆಕ್ಟರಿನಲ್ಲಿ 1 mA. ಸೂತ್ರದ ಪ್ರಕಾರ ro ನೂರು ಕಿಲೋಓಮ್ ಇದ್ದರೆ, Aβ ಒಂದು ಲಕ್ಷ ಇದ್ದರೆ, ಔಟ್‌ಪುಟ್ ಇಂಪೀಡೆನ್ಸ್ 10 ಗಿಗಾಓಮ್. ಕಲೆಕ್ಟರ್ ವೋಲ್ಟೇಜನ್ನು 10 V ಬದಲಾಯಿಸಿದರೆ ಕರೆಂಟ್ 1 ನ್ಯಾನೋಆಂಪ್ ಬದಲಾಗಬೇಕು. ನನಗೆ ಬಂದದ್ದು ಸುಮಾರು ಒಂದೂವರೆ ಮೈಕ್ರೋಆಂಪ್. ಅಂದರೆ 6.5 ಮೆಗಾಓಮ್ ಆಸುಪಾಸು. ಸಾವಿರಾರು ಪಟ್ಟು ಕಡಿಮೆ. ಎರಡು ಟ್ರಾನ್ಸಿಸ್ಟರ್ ಬದಲಿಸಿದೆ.

ಲ್ಯಾಬ್ ಮೇಡಂ

ಟ್ರಾನ್ಸಿಸ್ಟರ್ ಕೆಟ್ಟಿಲ್ಲ. ಆಪ್‌-ಆಂಪ್ ಕಾಯುತ್ತಿರುವುದು ಎಮಿಟರ್ ಕರೆಂಟನ್ನು. ನೀವು ಅಳೆಯುತ್ತಿರುವುದು ಕಲೆಕ್ಟರ್ ಕರೆಂಟನ್ನು. ನಡುವಿನ ಬೇಸ್ ಕರೆಂಟನ್ನು ಯಾರೂ ಕಾಯುತ್ತಿಲ್ಲ.

ಕಲೆಕ್ಟರನ್ನು ΔV ಎತ್ತಿದರೆ ro‌ದ ಮೂಲಕ ΔV/ro ಎಮಿಟರಿಗೆ ಇಳಿಯುತ್ತದೆ. ಎಮಿಟರ್ ಕರೆಂಟ್ ಬದಲಾಗಬಾರದು ಅಂತ ಆಪ್‌-ಆಂಪ್ ಬೇಸ್ ಕರೆಂಟನ್ನು ಇಳಿಸುತ್ತದೆ:

```
ΔV/ro + (hfe+1)·Δib = 0
ΔIc = ΔV/ro + hfe·Δib = ΔV / [ (hfe+1)·ro ]
```

ಲೂಪ್ ಗೇನ್ ಎಷ್ಟೇ ದೊಡ್ಡದಿರಲಿ, (hfe+1)·ro‌ಗಿಂತ ಮೇಲೆ ಹೋಗಲಾರದು. hfe 200 ಅಂದರೆ 20 ಮೆಗಾಓಮ್. ಅಲ್ಲಿಗೆ ಗಿಗಾಓಮ್ ಕನಸು ಮುಗಿಯಿತು. ಮಾಸ್‌ಫೆಟ್ ಹಾಕಿದರೆ ಡಿಸಿಯಲ್ಲಿ ಗೇಟ್ ಕರೆಂಟ್ ಇಲ್ಲ, ಈ ತಡೆ ಇರುವುದಿಲ್ಲ.

ಉಳಿದ ಮೂರು ಪಟ್ಟು ವ್ಯತ್ಯಾಸಕ್ಕೆ: ಕಲೆಕ್ಟರ್ ವೋಲ್ಟೇಜ್ ಓದಲು ಮಲ್ಟಿಮೀಟರ್ ಅಲ್ಲೇ ಬಿಟ್ಟಿದ್ದಿರಾ? ಸಾಮಾನ್ಯ ಡಿಜಿಟಲ್ ಮೀಟರ್ 10 ಮೆಗಾಓಮ್. 20ರ ಪಕ್ಕದಲ್ಲಿ 10 ಇಟ್ಟರೆ 6.7.

ಮೀಟರ್ ಮಂಜ

ಅಯ್ಯೋ, 6.7! ಆದರೆ ಒಂದು ಸಲ ಮೀಟರ್ ತೆಗೆದೂ ನೋಡಿದ ನೆನಪು. ಆಗಲೂ ಹೆಚ್ಚು ಕಡಿಮೆ ಇದೇ ಬಂದಿತ್ತು. ಬರೆದಿಟ್ಟುಕೊಂಡಿಲ್ಲ. ಭಾನುವಾರ ಮತ್ತೆ ನೋಡುತ್ತೇನೆ.

ಕೊನೇಬೆಂಚು

ಮೇಡಂ, ಮಂಜಣ್ಣನ ಸರ್ಕ್ಯೂಟಿನಂಥದ್ದು ಪರೀಕ್ಷೆಯಲ್ಲಿ ಬಂದರೆ ಸೀರೀಸಾ ಶಂಟಾ ಅಂತ ಹೇಗೆ ಗುರುತಿಸುವುದು? ಚಿತ್ರ ನೋಡಿ ಹೇಳಿದರೆ ಅರ್ಧ ಸಲ ತಪ್ಪುತ್ತೇನೆ.

ಲ್ಯಾಬ್ ಮೇಡಂ

ಚಿತ್ರ ನೋಡಬೇಡ, ಲೂಪನ್ನು ಕೊಲ್ಲಲು ನೋಡು. ನಿನಗೆ ಬೇಕಾದ ಎರಡು ತುದಿಗಳನ್ನು ಶಾರ್ಟ್ ಮಾಡು. ಲೂಪ್ ಗೇನ್ ಸತ್ತರೆ ಆ ಪೋರ್ಟ್ ಶಂಟ್, ಇಂಪೀಡೆನ್ಸ್ ಇಳಿಯುತ್ತದೆ. ಪೋರ್ಟನ್ನು ತೆರೆದಿಟ್ಟಾಗ ಲೂಪ್ ಸತ್ತರೆ ಸೀರೀಸ್, ಏರುತ್ತದೆ. ಎರಡರಲ್ಲೂ ಸಾಯದಿದ್ದರೆ ನಿನ್ನ ಪಟ್ಟಿಯಲ್ಲಿ ಅದಕ್ಕೆ ಹೆಸರಿಲ್ಲ, ಆದರೂ ಲೆಕ್ಕ ಇದೆ. ಬೆಲ್ ಲ್ಯಾಬ್ಸ್‌ನ ಬ್ಲ್ಯಾಕ್‌ಮನ್ 1943ರಲ್ಲಿ ಕೊಟ್ಟದ್ದು:

```
Z = Z0 (1 + Tsc) / (1 + Toc)
```

Z0 ಅಂದರೆ A‌ವನ್ನು ಸೊನ್ನೆ ಮಾಡಿದಾಗ ಆ ಪೋರ್ಟಿನಲ್ಲಿ ಕಾಣುವುದು. Tsc ಪೋರ್ಟ್ ಶಾರ್ಟ್ ಆದಾಗಿನ ಲೂಪ್ ಗೇನ್, Toc ತೆರೆದಾಗಿನದು.

ರೇಡಿಯೊ ರಾಯ

ಬ್ಲ್ಯಾಕ್ ಅಲ್ವಾ ಮೇಡಂ? ಮನ್ ಎಲ್ಲಿಂದ ಬಂತು?

ಲ್ಯಾಬ್ ಮೇಡಂ

ಇಬ್ಬರೂ ಬೇರೆ ರಾಯರೇ. ಇಬ್ಬರೂ ಬೆಲ್ ಲ್ಯಾಬ್ಸ್‌ನವರು, ಅದಕ್ಕೇ ಗೊಂದಲ.

ಕೊನೇಬೆಂಚು, ನಿನ್ನ ಮೊದಲ ಪ್ರಶ್ನೆಯನ್ನೇ ಇದಕ್ಕೆ ಕೊಡೋಣ. ಮೈನಸ್ ಪಿನ್ನಿನ ನೋಡಿನಲ್ಲಿ, Rs ತೆಗೆದು ನೋಡು. ನೋಡನ್ನು ನೆಲಕ್ಕೆ ಶಾರ್ಟ್ ಮಾಡಿದರೆ ಆಪ್‌-ಆಂಪಿಗೆ ಏನೂ ಕಾಣುವುದಿಲ್ಲ, Tsc = 0. ತೆರೆದಿಟ್ಟರೆ Rf ಮತ್ತು Rid ಡಿವೈಡರ್ ಮಾತ್ರ, Toc = 190469. Z0 = 95.3 kΩ. ಭಾಗಿಸಿದರೆ 0.50 Ω. ಆಗಲೇ ಬಂದದ್ದೇ ಬಂತು.

ಈಗ ಜನರೇಟರ್ ನಿಂತ ಜಾಗ, ಅಂದರೆ Rs‌ನ ಆಚೆ ತುದಿ. ಅದನ್ನು ನೆಲಕ್ಕೆ ಶಾರ್ಟ್ ಮಾಡು. ಲೂಪ್ ಸಾಯುವುದಿಲ್ಲ, 18087 ಉಳಿಯುತ್ತದೆ. ತೆರೆದಿಡು. ಆಗಲೂ ಸಾಯುವುದಿಲ್ಲ, 190469 ಆಗುತ್ತದೆ.

```
Z0 = 10k + 95.3k = 105.3 kΩ
Z  = 105.3k × 18088 / 190470 = 10.0005 kΩ
```

ಪೋರ್ಟ್ ಸೀರೀಸೂ ಅಲ್ಲ, ಶಂಟೂ ಅಲ್ಲ. ಅದಕ್ಕೇ ನಿನ್ನ ಪಟ್ಟಿಯ ಯಾವ ಸಾಲಿನಿಂದಲೂ 10 kΩ ಹುಟ್ಟಲಿಲ್ಲ. ಮಂಜ ಅವರ ಕಲೆಕ್ಟರಿನಲ್ಲೂ ಇದೇ ಆಗಿರುವುದು. ಕಲೆಕ್ಟರ್ ತೆರೆದಿಟ್ಟರೂ ಬೇಸ್-ಎಮಿಟರ್ ದಾರಿಯಲ್ಲಿ ಲೂಪ್ ಜೀವಂತ ಇರುತ್ತದೆ.

ಬೆಳಕಿನ ಹುಳು

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದೂ ಶಂಟ್-ವೋಲ್ಟೇಜೇ, ಫೋಟೋಡಯೋಡ್ ಆಂಪ್ಲಿಫೈಯರ್. Rf = 100 kΩ, ಆಪ್‌-ಆಂಪಿನ ಗೇನ್-ಬ್ಯಾಂಡ್‌ವಿಡ್ತ್ 1 MHz, ಡಯೋಡಿನ ಕೆಪಾಸಿಟನ್ಸ್ 100 pF ಆಸುಪಾಸು. ಇನ್‌ಪುಟ್ ಇಂಪೀಡೆನ್ಸ್ ಅರ್ಧ ಓಮ್ ಇದ್ದರೆ ಡಯೋಡಿನ ಕೆಪಾಸಿಟನ್ಸ್ ಲೆಕ್ಕಕ್ಕೇ ಬರಬಾರದು ಅಲ್ವಾ? ಆದರೆ ಎಲ್‌ಇಡಿಯಿಂದ ಚಚ್ಚೌಕ ಪಲ್ಸ್ ಕೊಟ್ಟರೆ ಔಟ್‌ಪುಟ್ ಗಂಟೆ ಹೊಡೆದಂತೆ ನಡುಗುತ್ತದೆ. ಒಂದು ನಡುಕ ಸುಮಾರು 8 ಮೈಕ್ರೋಸೆಕೆಂಡ್.

ಲ್ಯಾಬ್ ಮೇಡಂ

ಅರ್ಧ ಓಮ್ ಡಿಸಿಯಲ್ಲಿ ಮಾತ್ರ. 741ರ 200000 ಗೇನ್ ಕೆಲವೇ ಹರ್ಟ್ಸ್‌ವರೆಗೆ, ಆಮೇಲೆ ಹತ್ತು ಪಟ್ಟು ಫ್ರೀಕ್ವೆನ್ಸಿಗೆ ಹತ್ತು ಪಟ್ಟು ಇಳಿಯುತ್ತದೆ. 1 kHz‌ನಲ್ಲಿ A ಸುಮಾರು 1000, ಅದೂ 90 ಡಿಗ್ರಿ ಹಿಂದೆ ಬಿದ್ದ 1000. ನೋಡಿನ ಇಂಪೀಡೆನ್ಸ್ Rf/A ತಾನೇ, 100 ಓಮ್ ಆಯಿತು. ಫ್ರೀಕ್ವೆನ್ಸಿ ಜೊತೆ ಏರುವ, 90 ಡಿಗ್ರಿ ಮುಂದಿರುವ ಇಂಪೀಡೆನ್ಸ್ ಅಂದರೆ ಏನು? ಇಂಡಕ್ಟರ್. ನಿಮ್ಮ ಸರ್ಕ್ಯೂಟಿನಲ್ಲಿ ಯಾರೂ ಕಾಯಿಲ್ ಸುತ್ತಿಲ್ಲ, ಆದರೂ ಅಲ್ಲೊಂದು ಕೂತಿದೆ:

```
L = Rf / (2π·GBW) = 100k / (6.28×10^6) = 15.9 mH
f = 1 / (2π√(L·C)), C = 100 pF  →  126 kHz
```

126 kHz ಅಂದರೆ 7.9 ಮೈಕ್ರೋಸೆಕೆಂಡ್. ನಿಮ್ಮ ನಡುಕ ಅದೇ. ಪೆಂಡಾಲ್ ಸೌಂಡ್ಸ್ ಅವರೇ, ನಿಮ್ಮ ಮೈಕ್ ಕೂಗುವುದಕ್ಕೂ ಇದಕ್ಕೂ ಇರುವ ನೆಂಟಸ್ತನ ಇದು. ಲೂಪ್ ಸುತ್ತಿ ಬಂದ ಸಿಗ್ನಲ್ ತಡವಾಗಿ ಬಂದರೆ ಕಳೆಯಬೇಕಾದದ್ದು ಕೂಡತೊಡಗುತ್ತದೆ.

Rf‌ಗೆ ಸಮಾಂತರವಾಗಿ ಸಣ್ಣ ಕೆಪಾಸಿಟರ್ ಹಾಕಿ. ಆರಂಭಕ್ಕೆ ಬೆಲೆ √(C/(2π·Rf·GBW)), ನಿಮಗೆ 12.6 pF ಬರುತ್ತದೆ. 15 pF ಸೆರಾಮಿಕ್ ಹಾಕಿ ನೋಡಿ.

ಬೆಳಕಿನ ಹುಳು

15 pF ಹಾಕಿದೆ. ಒಂದೇ ಸಣ್ಣ ಉಬ್ಬು ಬಂದು ನಿಂತಿತು. ಬ್ರೆಡ್‌ಬೋರ್ಡ್ ಮೇಲೇ ಇದೆ, ಪಿಸಿಬಿಗೆ ಹೋದಾಗ ಮತ್ತೆ ನೋಡಬೇಕು.

ಕೊನೇಬೆಂಚು

ಇನ್ನೊಂದೇ ಒಂದು. ಔಟ್‌ಪುಟ್ ಇಂಪೀಡೆನ್ಸ್ ಅಳೆಯೋಣ ಅಂತ 1 kHz‌ನಲ್ಲಿ ಔಟ್‌ಪುಟ್‌ಗೆ 1 kΩ ಲೋಡ್ ಹಾಕಿ ತೆಗೆದು ನೋಡಿದೆ. ವೋಲ್ಟೇಜ್ ಒಂದು ಚೂರೂ ಅಲ್ಲಾಡಲಿಲ್ಲ. ನಿಮ್ಮ ಲೆಕ್ಕದಲ್ಲಿ Aβ ಅಲ್ಲಿ ಬರೀ 90 ಅಲ್ವಾ, 75/90 ಅಂದರೆ 0.83 ಓಮ್. ಸಾವಿರಕ್ಕೆ ಎಂಟು ಹತ್ತಾಂಶ, ಒಳ್ಳೆಯ ಮೀಟರಿನಲ್ಲಿ ಕಾಣಬೇಕಿತ್ತು.

ಲ್ಯಾಬ್ ಮೇಡಂ

ಒಳ್ಳೆಯ ಪ್ರಶ್ನೆ. ಆ 0.83 ಓಮ್ ಕೂಡ ಇಂಡಕ್ಟರಿನಂಥದ್ದು. ಲೋಡ್ ಬರೀ ರೆಸಿಸ್ಟರ್. 90 ಡಿಗ್ರಿ ಅಂತರದಲ್ಲಿರುವ ಎರಡನ್ನು ಕೂಡಿಸಿದರೆ ಉದ್ದ ಬದಲಾಗುವುದು ವರ್ಗದ ಲೆಕ್ಕದಲ್ಲಿ, ಅಂದರೆ ಹತ್ತು ಲಕ್ಷಕ್ಕೆ ಒಂದರ ಆಸುಪಾಸು ಮಾತ್ರ. ಬದಲಾಗುವುದು ಫೇಸ್. ಲೋಡ್ ಹಾಕಿ ತೆಗೆದು ವೋಲ್ಟೇಜ್ ನೋಡುವ ವಿಧಾನಕ್ಕೆ ಇದು ಸಿಗುವುದಿಲ್ಲ.

ಹೀಗೆ ಮಾಡು. Rs‌ನ ಇನ್‌ಪುಟ್ ತುದಿಯನ್ನು ನೆಲಕ್ಕೆ ಕಟ್ಟು. ಜನರೇಟರಿನಿಂದ 1 kΩ ಮೂಲಕ ಔಟ್‌ಪುಟ್ ಪಿನ್ನಿಗೇ 1 V ಕೊಡು, ಹೆಚ್ಚು ಕಡಿಮೆ 1 mA ಒಳಗೆ ಹೋಗುತ್ತದೆ. ಔಟ್‌ಪುಟ್ ಪಿನ್ನಿನಲ್ಲಿ ಎಷ್ಟು ಮಿಲಿವೋಲ್ಟ್ ಕಾಣುತ್ತದೋ ಅಷ್ಟೇ ಓಮ್. 1 kHz‌ನಲ್ಲಿ ಸ್ಕೋಪಿನ ನಾಯ್ಸ್‌ನಲ್ಲಿ ಮುಳುಗುತ್ತದೆ, 10 kHz‌ನಲ್ಲಿ ಮಾಡು. ಅಲ್ಲಿ Aβ 9, ನಿನಗೆ 8.2 mV ಸಿಗಬೇಕು. ಪ್ರೋಬಿನ ನೆಲವನ್ನು ಐಸಿಯ ಪಕ್ಕದಲ್ಲೇ ಹಿಡಿ. ಡಿಸಿಯ 4 ಮಿಲಿಓಮ್ ಅಳೆಯಲು ಮಾತ್ರ ಹೋಗಬೇಡ, ಬ್ರೆಡ್‌ಬೋರ್ಡಿನ ಒಂದು ತೂತೇ ಅದಕ್ಕಿಂತ ಜಾಸ್ತಿ.

ಕೊನೇಬೆಂಚು

ಮಾಡಿದೆ. 10 kHz‌ನಲ್ಲಿ 10.5 mV ಬಂತು, 20 kHz‌ನಲ್ಲಿ 20ರ ಹತ್ತಿರ. ಕೊಟ್ಟ ಕರೆಂಟಿಗಿಂತ ಸುಮಾರು ಕಾಲು ಸೈಕಲ್ ಮುಂದಿದೆ. ಇಂಡಕ್ಟರ್ ಅನ್ನುವುದು ಕಣ್ಣಿಗೆ ಕಂಡಿತು. ಆದರೆ 8.2 ಯಾಕಲ್ಲ?

ಮೀಟರ್ ಮಂಜ

ro 75 ಅನ್ನುವುದು ಡೇಟಾಶೀಟಿನ ಮಾಮೂಲಿ ಅಂಕಿ, ನಿನ್ನ ಐಸಿಯದ್ದಲ್ಲ.

ರೇಡಿಯೊ ರಾಯ

ಅಥವಾ ಗೇನ್-ಬ್ಯಾಂಡ್‌ವಿಡ್ತ್ 1 MHz ಇಲ್ಲ, 800 kHz ಆಸುಪಾಸು ಇರಬಹುದು.

ಲ್ಯಾಬ್ ಮೇಡಂ

ಎರಡೂ ಆಗಬಹುದು, ಈ ಒಂದು ಅಳತೆಯಿಂದ ಬೇರ್ಪಡಿಸಲು ಬರುವುದಿಲ್ಲ. ಇಲ್ಲಿ ಕಾಣುವುದು ro ಮತ್ತು A‌ದ ಅನುಪಾತ ಮಾತ್ರ. ಮೊದಲು A ಅಳೆ. 10 kHz‌ನಲ್ಲಿ ಮೈನಸ್ ಪಿನ್ನಿನ ವೋಲ್ಟೇಜ್ ನೋಡು, ಔಟ್‌ಪುಟ್ಟನ್ನು ಅದರಿಂದ ಭಾಗಿಸು. ಪ್ರೋಬನ್ನು ×10ರಲ್ಲಿ ಇಡು, ×1ರಲ್ಲಿಟ್ಟರೆ ಪ್ರೋಬಿನ ಕೆಪಾಸಿಟನ್ಸೇ ಬೆಳಕಿನ ಹುಳು ಅವರ ಫೋಟೋಡಯೋಡ್ ಆಗಿಬಿಡುತ್ತದೆ.

ಕೊನೇಬೆಂಚು

ಲ್ಯಾಬ್ ನಾಲ್ಕೂವರೆಗೆ ಮುಚ್ಚುತ್ತಾರೆ. ನಾಳೆ ಬೆಳಿಗ್ಗೆ ಅಳೆದು ಹಾಕುತ್ತೇನೆ.